ಮುಖದ ಎದುರಿಗೆ ಕುಂತು ಮಾಡೋ ನಮಸ್ಕಾರ

ನನ್ನ ಮೊಮ್ಮಗಳು ಭಾಗ್ಯಾ ಜಪಾನಿನಾಗ ಕೆಲಸಕ್ಕ ಹೋದ ಮೊದಲನೇ ದಿನ ಮುಂಜಾನಿ, ಒಬ್ಬ ಅಜ್ಜಿಯ ಕಾಲು ಮುಟ್ಟಾಕ ಹೋಗಿ, ಆ ಅಜ್ಜಿನ್ನ ಗಾಲಿ ಕುರ್ಚಿಯಿಂದ ಬೀಳಸೂ ಹಂಗ ಮಾಡಿದ್ಲು. ಇಂಥಾದ್ದನ್ನ ಹೇಳಾಕ ನಾ ಯಾಕ ಇಷ್ಟ ಖುಷಿಯಾಗೀನಿ ಅಂತೀರೇನು? ತಡೀರಿ, ಹೇಳ್ತೀನಿ.

(ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಾಗ ಸಿಕ್ಕ ಸಿಕ್ಕವರಿಗೆ ಆಗಲೇ ಹೇಳೀನಿ. ಈಗ ನಿಮ್ಮ ಪಾಳಿ.)

ಭಾಗ್ಯಾ ಗದಗಿನಾಗ ನರ್ಸಿಂಗ್ ಕಲಿತಾಕಿ. ಆಮ್ಯಾಲೆ ಜಪಾನಿ ಭಾಷಾ ಕಲಿತು, ಪರೀಕ್ಷಾ ಪಾಸಾಗಿ, ಅಲ್ಲಿ ವಯಸ್ಸಾದವರನ್ನ ನೋಡಿಕೊಳ್ಳೋ ಮನಿಯೊಳಗ ಸೇರ್ಯಾಳ. ಮೊದಲಿಗೆ ಒಬ್ಬ ಹಿರಿ ನರ್ಸ್ ಜೋಡಿನ ಇರಬೇಕು. ಅವರಿಗೆ ನಂಬಿಕಿ ಬಂದ್ರ ಮುದುಕರ ಕೈ ಹಿಡಿಯೋ ಕೆಲಸ. ಇಲ್ಲಾಂದ್ರ ಟವೆಲ್ ಮಡಚೋದು. ಟವೆಲ್ ಮಡಚಾಕ ಅಷ್ಟ ದೂರ ಹೋಗಬೇಕಾ?

ಹೊಂಡೋ ದಿನ ನಾನ ಹೇಳಿದ್ದೆ, "ಯಾ ದೇಶಕ್ಕ ಹೋದ್ರೂ ಹಿರ್ಯಾರ ಕಾಲು ಮುಟ್ಟವಾ. ಅದಕ್ಕ ಭಾಷಾ ಬೇಕಾಗಂಗಿಲ್ಲ."

ಜಪಾನಿನವರ ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮಲ್ಲಿ ಮುಂಜಾನಿ ಚಾ. ಆಕಿ ಕೆಲಸದ ಮೊದಲ ದಿನ ಆ ಹೊತ್ತಿಗೆ ಫೋನ್ ಬಂತು.

"ಮುತ್ತ್ಯಾ, ಇಲ್ಲಿ ಯಾರೂ ಕೈ ಕುಲುಕಂಗಿಲ್ಲ. ನಾಷ್ಟಾ ಆತೇನು ಅಂತ ಕೇಳಂಗಿಲ್ಲ."

"ಮತ್ತ ಹ್ಯಾಂಗ ಮಾತಾಡಸ್ತಾರ?"

ಬಾಗಲದಾಗ ಹೊರಗಿನ ಬೂಟು ಬಿಚ್ಚಿ, ಒಳಗಿನ ಬೂಟು ಹಾಕ್ಕೊಂಡ್ಲಂತ. ಎದುರಿಗೆ ಬಂದವರೆಲ್ಲ ಮಾರು ದೂರ ನಿಂತು, ನಡಾ ಬಗ್ಗಿಸಿ "ಓಹಾಯೋ ಗೊಝಾಯ್‌ಮಾಸ್" ಅಂದ್ರಂತ. ಅಂದ್ರ ಶುಭೋದಯ. ಇದು ಪುಸ್ತಕದಾಗ ಇತ್ತು, ಪಾರಾದ್ಲು.

ಆಮ್ಯಾಲೆ ರಾತ್ರಿ ಪಾಳಿ ಮುಗಿಸಿದ ಹೆಣ್ಣಮಗಳೊಬ್ಬಾಕಿ ಹೊಂಟು ನಿಂತು, "ನಿಮಗಿಂತ ಮೊದಲ ಹೊಂಟೀನಿ, ತಪ್ಪು ತಿಳೀಬ್ಯಾಡ್ರಿ" ಅಂತ ಬಗ್ಗಿದ್ಲು. ರಾತ್ರಿಯೆಲ್ಲಾ ದುಡದಾಕಿ ಯಾಕ ಮಾಫಿ ಕೇಳ್ತಾಳ? ಭಾಗ್ಯಾಗ ತಿಳೀಲಿಲ್ಲ. "ಸಾಯೊನಾರಾ" ಅಂದುಬಿಟ್ಲು. ಎಲ್ಲಾರೂ ಮುಸಿಮುಸಿ ನಕ್ಕರು. ಅದು ಅಗಲಿ ದೂರ ಹೋಗೋವಾಗಿನ ಮಾತಂತ, ಜೋಡಿ ಕೆಲಸದವರಿಗೆ ಹಂಗ ಅನ್ನಂಗಿಲ್ಲಂತ. "ಒತ್ಸುಕಾರೆಸಾಮಾ" ಅನಬೇಕಂತ, ಭಾಳ ದಣದೀರಿ ಅನ್ನೋಹಂಗ. (ನನಗ ಇದು ಭಾಳ ಸೇರಿತು. ನಮ್ಮಲ್ಲಿ ಕೆಲಸ ಬಿಟ್ಟು ಹೊಂಟವರಿಗೆ "ಇಷ್ಟ ಲಗೂನಾ?" ಅಂತಾರ.)

ಅಷ್ಟರಾಗ ಗಾಲಿ ಕುರ್ಚಿಯೊಳಗ ಸಾತೋ ಅನ್ನೋ ಅಜ್ಜಿ ಕಂಡ್ರು. ನಮ್ಮ ಹುಡುಗಿಗೆ ಈ ಮುತ್ತ್ಯಾನ ಮಾತು ನೆನಪಾತು. ಗಕ್ಕನ ಬಗ್ಗಿ ಕಾಲಿಗೆ ಕೈ ಹಾಕಿದ್ಲು.

ಅಜ್ಜಿ ಏನೋ ಕೆಳಗ ಬಿದ್ದೈತಿ ಅಂತ ತಿಳಕೊಂಡು ತಾವೂ ನೋಡಾಕ ಮುಂದ ಬಗ್ಗಿದ್ರು. ಕುರ್ಚಿ ಬಿಟ್ಟು ಮುಗ್ಗರಿಸೋದೊಂದು ಬಾಕಿ. ಭಾಗ್ಯಾ ಎರಡೂ ಭುಜ ಹಿಡದು ಹಿಂದಕ್ಕ ಕುಂದ್ರಿಸಿದ್ಲು. ಹಿರಿ ನರ್ಸ್ ತನಾಕಾ ಬಾಯಾರು ಓಡಿ ಬಂದ್ರು.

"ಮುಗೀತು ಮುತ್ತ್ಯಾ, ಇನ್ನ ಟವೆಲ್ಲ ಗತಿ ಅಂದ್ಕೊಂಡೆ."

ಬಾಯಾರು ಬೈಲಿಲ್ಲ. ಮೊದಲ ಅಜ್ಜಿಗೆ ನೋವಾತೇನು ಅಂತ ವಿಚಾರಿಸಿ, ಆಮ್ಯಾಲೆ ತೋರಿಸಿಕೊಟ್ಟರು. ಹಿಂದಿನಿಂದ, ಬಾಜೂಕಿನಿಂದ ಹೋಗಬಾರದು. ಎದುರಿಗೆ ಹೋಗಿ ಮೊಣಕಾಲೂರಿ ಕುಂದ್ರಬೇಕು. ನಮ್ಮ ಕಣ್ಣು ಅವರ ಕಣ್ಣಿಗೆ ಸಮ ಇರಬೇಕು, ಇಲ್ಲಾ ಒಂಚೂರು ಕೆಳಗ. ಹೆಸರಿಗೆ ಮರ್ಯಾದಿಯ "ಸಾನ್" ಹಚ್ಚಿ ಕರದು, ನಮಸ್ಕಾರ ಹೇಳಿ, ಅವರು ನೋಡೋತನಾ ಕಾಯಬೇಕು. ಮುಟ್ಟೋಕಿಂತ ಮೊದಲ "ಶಿತ್ಸುರೇ ಶಿಮಾಸ್", ಅಂದ್ರ ಮುಟ್ಟತೀನಿ, ಮನ್ನಿಸ್ರಿ, ಅನಬೇಕು.

ಭಾಗ್ಯಾ ಹಂಗ ಕುಂತು, "ಸಾತೋ ಸಾನ್, ಓಹಾಯೋ ಗೊಝಾಯ್‌ಮಾಸ್" ಅಂದ್ಲು. ಅಜ್ಜಿ ಆಕಿ ಮಾರಿ ನೋಡಿದ್ರು. ಎರಡೂ ಕೈ ತೊಡಿ ಮ್ಯಾಲಿಟ್ಟು, ಕುಂತಲ್ಲೇ ತಲಿ ಬಗ್ಗಿಸಿದ್ರು. ತನಾಕಾ ಬಾಯಾರು, "ಅಜ್ಜಿನ್ನ ನಾಷ್ಟಾಕ್ಕ ನೀನ ಕರಕೊಂಡು ನಡಿ" ಅಂದ್ರು.

ಪಾಸಾದ್ಲು ನನ್ನ ಹುಡುಗಿ! ಚಾ ಆರಿ ತಣ್ಣಗಾಗಿತ್ತು, ಕುಡದದ್ದ ನೆನಪಿಲ್ಲ.

ಆದ್ರ ಒಂದು ಮಾತು ತಲ್ಯಾಗ ಕುಂತಬಿಟ್ಟೈತಿ. ನಾನು ಕುಣಿ ಮಗ್ಗದಾಂವ. ಕಾಲು ಕುಣಿಯೊಳಗ ಇಳಿಬಿಟ್ಟು ನೆಲಕ್ಕ ಕುಂತು ಸೀರಿ ನೇಯಾಂವ. ಬಂದವರು ನಿಂತ ಮಾತಾಡಸ್ತಾರ. ನನಗ ಕಾಣೋದು ಅವರ ಚಪ್ಪಲಿ, ಮೊಣಕಾಲು. ಸಣ್ಣಾಕಿದ್ದಾಗ ಭಾಗ್ಯಾ ಒಬ್ಬಾಕಿನ ಸಾಲಿ ಬಿಟ್ಟ ಮ್ಯಾಲೆ ಬಂದು, ಚೀಲಾ ಒಗದು, ಮಗ್ಗದ ಎದುರಿಗೆ ಕುಂತು ಮಾತಾಡತಿದ್ಲು. ಗೊತ್ತಿದ್ದದ್ದನ್ನ ಬಿಟ್ಟು, ನನ್ನ ಮಾತು ಕೇಳಿ ಕಾಲಿಗೆ ಹೋಗ್ಯಾಳ ಪಾಪ.

ನಿನ್ನೆ ಸೀರಿ ಅಂಗಡಿ ಸಾವ್ಕಾರ ಬಂದಾ. ಬಾಗಲದಾಗ ನಿಂತು, "ಏನ ಕಾಕಾ, ನೇಯೋದು ಸೆರಗಿನತನಾ ಬಂತೇನು?" ಅಂದಾ. ಇಪ್ಪತ್ತು ವರ್ಷದ ಗಿರಾಕಿ.

"ಎದುರಿಗೆ ಬಂದು ಕುಂದ್ರೋ, ಹೇಳ್ತೀನಿ."

"ಪ್ಯಾಂಟ್ ಮಾಸತೈತಿ ಕಾಕಾ."

"ಜಪಾನಿನಾಗ ಹಿಂಗ ಮಾತಾಡಸ್ತಾರಪಾ."

ನಗಾಡಕೋತ ಕುಂತಾ. ನನ್ನ ಮಾರಿ ನೋಡಿದಾ. "ಅಲ್ಲ ಕಾಕಾ, ನಿನ್ನ ಹುಬ್ಬೂ ಬೆಳ್ಳಗಾಗ್ಯಾವಲ್ಲೋ, ಯಾವಾಗ?"

ನೀವ ಹೇಳ್ರಿ, ಹುಬ್ಬು ಒಂದ ದಿನದಾಗ ಬೆಳ್ಳಗಾಗ್ತಾವೇನು?