ಸತ್ತ ವೈರಿನ ಕೂಗು

ನಮ್ಮಕ್ಕನ ಗಂಡ ತೀರಿಕೊಂಡದ್ದು ಕಂಪ್ಲಿಯ ಹೊರಗಿನ ಒಂದು ರೈಸ್ ಮಿಲ್ಲಿನಲ್ಲಿ, ಹಾಡಹಗಲು. ಅವರು ಹತ್ತಿದ್ದ ಬಿದಿರಿನ ಏಣಿಯನ್ನು ಕೆಳಗೆ ಹಿಡಿದು ನಿಂತಿದ್ದವನು ನಾನು.

ಭಾವ ನನಗೆ ಕೆಲಸ ಕಲಿಸಿದವರು. ಐ.ಟಿ.ಐ. ಮುಗಿಸಿ ಹೊಸಪೇಟೆಯಲ್ಲಿ ಸುಮ್ಮನೆ ತಿರುಗುತ್ತಿದ್ದ ನನ್ನನ್ನು ತಮ್ಮ ಜೊತೆ ಕರೆದುಕೊಂಡರು. ಮಿಲ್ಲುಗಳು, ಸಂಡೂರು ಕಡೆಯ ಕ್ರಷರುಗಳು, ತುಂಗಭದ್ರೆಯ ದಂಡೆಯ ಪಂಪ್‌ಸೆಟ್ಟುಗಳು, ಎಲ್ಲಿ ಕರೆದರೂ ಇಬ್ಬರೂ ಒಂದೇ ಬೈಕಿನಲ್ಲಿ ಹೋಗುತ್ತಿದ್ದೆವು. ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಕರೆಂಟ್ ಪೆನ್ನು ಇರುತ್ತಿತ್ತು. ವೈರನ್ನು ಮುಟ್ಟಬೇಕಾಗಿಲ್ಲ, ಹತ್ತಿರ ಹಿಡಿದರೆ ಸಾಕು, ಕೆಂಪು ದೀಪ ಹತ್ತಿ ಬೀಪ್ ಬೀಪ್ ಎಂದು ಕೂಗುತ್ತದೆ.

ಆ ದಿನದ ಕೆಲಸ ದೊಡ್ಡದೇನಲ್ಲ. ಗೋಡೆಯ ಎತ್ತರದಲ್ಲಿ ಹೋಗಿದ್ದ, ವೈರು ಹಾಯಿಸುವ ಕಬ್ಬಿಣದ ಟ್ರೇಯಿಂದ, ಯಾವತ್ತೋ ತೆಗೆದುಹಾಕಿದ ಒಂದು ಹಳೆಯ ಮೋಟರಿನ ವೈರನ್ನು ಕತ್ತರಿಸಿ ಎಳೆಯಬೇಕಿತ್ತು. ಮೇನ್ ಪ್ಯಾನಲ್ ಆರಿಸಿದೆವು. ಆದರೆ ಅದೇ ಟ್ರೇಯಲ್ಲಿ ಭತ್ತ ಒಣಗಿಸುವ ಡ್ರೈಯರಿನ ವೈರುಗಳೂ ಇದ್ದವು. ಡ್ರೈಯರಿಗೆ ಬೇರೆ ಪ್ಯಾನಲ್. ಅದನ್ನೂ ಆರಿಸಲು ಕೇಳಿದಾಗ ಸೂಪರ್‌ವೈಸರ್ ಒಪ್ಪಲಿಲ್ಲ.

"ಒಳಗ ಬೇಯಿಸಿದ ಭತ್ತ ಐತ್ರಿ. ನಿಲ್ಸಿದ್ರ ಪೂರಾ ಕೆಡ್ತೈತಿ. ನಿಮ್ ವೈರಿಗೂ ಡ್ರೈಯರಿಗೂ ಸಂಬಂಧಾನ ಇಲ್ಲ."

ಭಾವ ಏಣಿ ಹತ್ತಿದರು. ಹಳೆಯ ವೈರಿನ ಹತ್ತಿರ ಪೆನ್ನು ಹಿಡಿದರು. ಅದು ಕೂಗಿತು.

"ಭಾವಾ, ಕೂಗ್ತೈತಲ್ರೀ," ಎಂದೆ. "ಮೀಟರ್ ಕೊಡ್ಲೇನು?"

"ಬ್ಯಾಡಲೇ. ಬಾಜೂಕ ಡ್ರೈಯರ್ ವೈರ್ ಐತಲ್ಲ, ಅದರ ದೆಸೆಯಿಂದ ಕೂಗ್ತೈತಿ. ಇದು ಸತ್ತ ವೈರು. ಕಟಿಂಗ್ ಪ್ಲೇಯರ್ ಕೊಡು."

ಕೊಟ್ಟೆ. ಮೀಟರು ನನ್ನ ಕಾಲಬಳಿಯ ಚೀಲದಲ್ಲೇ ಇತ್ತು.

ಎಡಗೈ ಟ್ರೇಯ ಅಂಚನ್ನು ಹಿಡಿದಿತ್ತು, ಬಲಗೈಯಲ್ಲಿ ಹಿಡಿಕೆಯ ರಬ್ಬರು ಹರಿದ ಪ್ಲೇಯರ್. ಅದರ ಬಾಯಿ ವೈರನ್ನು ಕಚ್ಚಿತು. ಅವರು ಕಿರುಚಲಿಲ್ಲ. ಗಂಟಲಿನಿಂದ ಕೆಮ್ಮು ಸಿಕ್ಕಿಕೊಂಡಂಥ ಸದ್ದು ಬಂತು, ಮೈ ಬಿಗಿದು ನಿಂತಿತು. ಏಣಿ ನನ್ನ ಕೈಯಲ್ಲಿ ನಡುಗಿತು. "ಡ್ರೈಯರ್ ಬಂದ್ ಮಾಡ್ರೀ" ಎಂದು ನಾನು ಕೂಗಿದ್ದು ಡ್ರೈಯರಿನ ಗದ್ದಲದಲ್ಲಿ ಯಾರಿಗೆ ಕೇಳಬೇಕು! ಕೊನೆಗೆ ಡ್ರೈಯರಿನ ಆಪರೇಟರ್ ನಮ್ಮನ್ನು ಕಂಡು, ಓಡಿ ಹೋಗಿ ಅದರ ಪ್ಯಾನಲ್ಲಿನ ಮೇನ್ ಇಳಿಸಿದ. ಭಾವ ನನ್ನ ಮೇಲೆಯೇ ಬಿದ್ದರು. ಎದೆ ಒತ್ತುತ್ತಲೇ ಆಸ್ಪತ್ರೆಗೆ ಒಯ್ದೆವು. ಅಲ್ಲಿಯ ಡಾಕ್ಟರು ನಾಡಿ ನೋಡಿ, ಜೀವ ಹೋಗಿದೆ ಎಂದರು.

ಆಮೇಲೆ ಗೊತ್ತಾಯಿತು. ಯಾವಾಗಲೋ ಯಾರೋ ಒಂದು ಫ್ಯಾನಿಗೆಂದು ಆ ಹಳೆಯ ವೈರಿನ ಇನ್ನೊಂದು ತುದಿಯನ್ನು ಡ್ರೈಯರ್ ಪ್ಯಾನಲ್ಲಿಗೆ ಕಟ್ಟಿದ್ದರು. ಫ್ಯಾನು ಹೋಗಿತ್ತು, ಕಟ್ಟಿದ್ದು ಹಾಗೆಯೇ ಉಳಿದಿತ್ತು.

ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಸೂಪರ್‌ವೈಸರ್ ಹೇಳಿದ್ದು ಒಂದೇ ಮಾತು: "ಪೆನ್ನು ಕೂಗಿತ್ರಿ ಸರ್, ಏಣಿ ಹಿಡದವನಾ ಕೇಳ್ಯಾನ. ಆದ್ರೂ ಕೈ ಹಾಕ್ಯಾನ." ಆ ಮಾತು ಊರೆಲ್ಲ ಸುತ್ತಿ ಅಕ್ಕನ ಕಿವಿಗೂ ಬಿತ್ತು. ದಿನಕರ್ಮ ಮುಗಿದ ಮೇಲೆ ಅವಳು ನನ್ನನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಕೇಳಿದಳು.

"ಕೂಗಿದ್ದು ಖರೇನಾ?"

"ಖರೇ ಅಕ್ಕ."

"ಮತ್ತ ಯಾಕ ಮುಟ್ಟಿದ್ರು? ಸಾಯಾಕ ಹೋಗಿದ್ರಾ?"

"ಸತ್ತ ವೈರಿಗೂ ಅದು ಕೂಗ್ತೈತಿ."

"ಅದೆಂಗ? ನನಗ ತೋರ್ಸು."

ಬೇಡವೆಂದರೆ ಕೇಳುವವಳಲ್ಲ. ಭಾವನ ಸಾಮಾನುಗಳಿಂದಲೇ ಒಂದು ಉದ್ದನೆಯ ಮೂರೆಳೆಯ ಕೇಬಲ್ ತೆಗೆದೆ. ಒಂದು ಎಳೆಗೆ ಕರೆಂಟು, ಒಂದಕ್ಕೆ ನ್ಯೂಟ್ರಲ್. ಮೂರನೆಯದನ್ನು ಎರಡೂ ತುದಿಯಲ್ಲಿ ಯಾವುದಕ್ಕೂ ಕಟ್ಟದೆ ಬಿಟ್ಟೆ. ಆಚೆ ತುದಿಯಲ್ಲಿ ಎಳೆಗಳನ್ನು ದೂರದೂರ ಬಿಡಿಸಿ, ಕನೆಕ್ಟರಿಗೆ ಸಿಕ್ಕಿಸಿ, ಅಕ್ಕನನ್ನು ಹಿಂದೆ ಸರಿಸಿ ಸ್ವಿಚ್ಚು ಹಾಕಿದೆ. ಕಟ್ಟದೆ ಬಿಟ್ಟ ಎಳೆಯ ಹತ್ತಿರ ಪೆನ್ನು ಹಿಡಿದೆ. ಕೂಗಿತು. ಕರೆಂಟಿನ ಎಳೆಗೆ ಹಿಡಿದೆ. ಅದೇ ಕೂಗು.

"ಬಾಜೂಕ ಕರೆಂಟ್ ಇರೋ ವೈರ್ ಇದ್ರ, ಮುಟ್ಟದಿದ್ರೂ ಈ ವೈರಿನ ಮ್ಯಾಲ ಚೂರು ಒತ್ತಡ ಏರ್ತೈತಿ," ಎಂದೆ. "ದಮ್ಮಿಲ್ಲದ ಒತ್ತಡ. ಪೆನ್ನಿಗೆ ಅಷ್ಟಾ ಸಾಕು, ಕೂಗ್ತೈತಿ. ಅದಕ್ಕ ಫರಕು ತಿಳಿಯಂಗಿಲ್ಲ."

"ಮತ್ತ ಫರಕು ಯಾವುದಕ್ಕ ತಿಳೀತೈತಿ?"

ಮೀಟರ್ ತೆಗೆದೆ. ಭಾವ ಕಲಿಸಿದ ಹಾಗೆ ಮೊದಲು ಕರೆಂಟಿರುವುದು ಖಾತ್ರಿಯಾದ ಸಾಕೆಟ್ಟಿಗೆ ಇಟ್ಟು ಮೀಟರೇ ಸರಿಯಿದೆಯೇ ಎಂದು ನೋಡಿದೆ. ಆಮೇಲೆ ಕಟ್ಟದೆ ಬಿಟ್ಟ ಎಳೆಗೂ ನ್ಯೂಟ್ರಲ್ಲಿಗೂ ನಡುವೆ ಇಟ್ಟೆ. ಮೀಟರು ನೂರು ವೋಲ್ಟಿನ ಆಸುಪಾಸು ತೋರಿಸಿತು. ಅಕ್ಕ ಬೆಚ್ಚಿ ನನ್ನ ಮುಖ ನೋಡಿದಳು.

"ಬರೇ ಮೀಟರೂ ಹಿಂಗ ಮೋಸ ಮಾಡ್ತೈತಿ. ಯಾಕಂದ್ರ ಅದು ವೈರಿನಿಂದ ಏನೂ ಎಳ್ಕೊಳ್ಳಂಗಿಲ್ಲ. ಈಗ ನೋಡು." ಮೀಟರನ್ನು, ವೈರಿನ ಮೇಲೆ ಸ್ವಲ್ಪ ಹೊರೆ ಹಾಕುವ ಲೋ-ಝಡ್ ಎಂಬ ಗುರುತಿಗೆ ತಿರುಗಿಸಿದೆ. ಅಂಕಿ ಕುಸಿದು ಸೊನ್ನೆಯ ಹತ್ತಿರ ನಿಂತಿತು. ಹೋಲ್ಡರಿಗೆ ಹಾಕಿದ ಹಳೆಯ ಬಲ್ಬನ್ನೂ ಅಲ್ಲಿಗೆ ಹಿಡಿದೆ, ಹತ್ತಲಿಲ್ಲ. ಕರೆಂಟಿನ ಎಳೆಗೆ ಹಿಡಿದೆ, ಝಗ್ಗನೆ ಹತ್ತಿತು. ಮೀಟರು ಅದೇ ಗುರುತಿನಲ್ಲೇ ಅಲ್ಲಿ ಇನ್ನೂರ ಮೂವತ್ತರ ಸುತ್ತ ಅಲುಗದೆ ನಿಂತಿತು. ಕೊನೆಗೆ ಮತ್ತೊಮ್ಮೆ ಸಾಕೆಟ್ಟಿಗೆ ಇಟ್ಟು ಮೀಟರು ನಡುವೆ ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಸ್ವಿಚ್ಚು ಆರಿಸಿದೆ.

ಗಂಡ ಹುಚ್ಚನಂತೆ ಕೈ ಹಾಕಿರಲಿಲ್ಲ ಎಂದು ತಿಳಿದರೆ ಅಕ್ಕನಿಗೆ ಸ್ವಲ್ಪ ಸಮಾಧಾನವಾದೀತು ಎಂದುಕೊಂಡಿದ್ದೆ.

"ಇಷ್ಟು ಮಾಡಾಕ ಎಷ್ಟೊತ್ತು ಬೇಕು?" ಎಂದಳು.

"ಒಂದೆರಡು ನಿಮಿಷ."

"ಮೀಟರ್ ಎಲ್ಲಿತ್ತು?"

"ಚೀಲದಾಗ. ಕೊಡ್ಲೇನು ಅಂತ ಕೇಳಿದ್ದೆ."

ಆಗ ಅವಳ ಮುಖ ಬದಲಾಯಿತು. ಆಸ್ಪತ್ರೆಯಲ್ಲಿ, ಮಣ್ಣು ಕೊಡುವಾಗ ಕಾಣದ ಸಿಟ್ಟು ಅಲ್ಲಿ ಕಂಡಿತು. "ಎಲ್ಲಾ ಗೊತ್ತಿತ್ತಲ್ಲ ಅವರಿಗೆ," ಎಂದಳು, "ನಿನಗ ಕಲಿಸಿದವ್ರು ಅವ್ರಾ ಅಲ್ಲೇನು?" ಗೋಡೆಗೆ ತಲೆ ಆನಿಸಿ ಅತ್ತಳು. ಸತ್ತವರನ್ನು ಬೈಯುತ್ತಲೇ ಅತ್ತಳು. ನಾನು ವೈರು ಸುತ್ತುತ್ತ ಕೂತೆ.

ಮುಂದಿನ ವಿಚಾರಣೆಗೆ ಅವಳೂ ಬಂದಳು. ಅಧಿಕಾರಿ ಹಿಂದಿನ ಹೇಳಿಕೆ ಓದಿ ಮುಗಿಸಿದ ಕೂಡಲೇ ಸೂಪರ್‌ವೈಸರ್ ಕಡೆ ತಿರುಗಿ ಕೇಳಿದಳು.

"ಪೆನ್ನು ಕೂಗಿದ್ದು ಖರೇ ಐತ್ರಿ. ಸತ್ತ ವೈರಿಗೂ ಅದು ಹಂಗಾ ಕೂಗ್ತೈತಿ. ಮೀಟರ್ ಹಿಡೀಲಿಲ್ಲ, ಅದು ನಮ್ಮವರ ತಪ್ಪು. ಸಂಬಂಧಾನ ಇಲ್ಲ ಅಂತ ನೀವು ಹೇಳಿದ್ರಲ್ಲ, ಅದನ್ನ ಯಾವ ಮೀಟರ್ ಹಿಡದು ಹೇಳಿದ್ರಿ?"

ಅಧಿಕಾರಿ ಡ್ರೈಯರ್ ಪ್ಯಾನಲ್ಲಿನ ಆ ಜೋಡಣೆಯನ್ನು ತೋರಿಸಲು ನನ್ನನ್ನೇ ಕರೆದರು. ಮೀಟರ್ ಹಿಡಿಯದ್ದು, ಡ್ರೈಯರ್ ಆರಿಸಲು ಒಪ್ಪದ್ದು, ಎರಡೂ ತಪ್ಪುಗಳು ವರದಿಯಲ್ಲಿ ಸೇರಿದವು. ಮಿಲ್ಲು ಕೆಲವು ದಿನ ನಿಂತು ಮತ್ತೆ ಶುರುವಾಯಿತು.

ಅರ್ಧಕ್ಕೆ ನಿಂತ ಕೆಲಸ ಮುಗಿಸಲು ಬೇರೆ ಯಾರೂ ಒಪ್ಪಲಿಲ್ಲ. ನಾನು ಹೋದೆ. ಎರಡೂ ಪ್ಯಾನಲ್ ಆರಿಸಿ ಬೀಗ ಹಾಕಿ, ಕೀಲಿ ಜೇಬಿಗಿಟ್ಟುಕೊಂಡೆ. ಒಂದೊಂದು ಎಳೆಯನ್ನೂ ಭೂಮಿಗೆ, ನ್ಯೂಟ್ರಲ್ಲಿಗೆ, ಒಂದಕ್ಕೊಂದು ಅಳೆದೆ. ಎಲ್ಲವೂ ಸೊನ್ನೆ. ಪೆನ್ನು ಈಗ ಕೂಗಲಿಲ್ಲ. ಆದರೂ ಕತ್ತರಿಸುವ ಮೊದಲು ನನ್ನ ಕೈ ಟ್ರೇಯ ಮೇಲೆ ಎಷ್ಟೋ ಹೊತ್ತು ಹಾಗೇ ನಿಂತುಬಿಟ್ಟಿತು. ಕೆಳಗೆ ಏಣಿ ಹಿಡಿದಿದ್ದ ಆಪರೇಟರ್ "ಏನಾತ್ರಿ?" ಎಂದು ಕೇಳುತ್ತಲೇ ಇದ್ದ.