ನಿಲ್ ಕೂಗಿದ ಮಧ್ಯಾಹ್ನ

ಚಿಂತಾಮಣಿಯ ನಮ್ಮ ಸ್ಟಾಫ್‌ರೂಮಿನಲ್ಲಿ ಊಟ ಮುಗಿಸಿ ನಾಲ್ವರು ಸ್ಪೇಡ್ಸ್ ಆಡುತ್ತಿದ್ದೆವು, ಎಷ್ಟು ಸುತ್ತು ಗೆಲ್ಲುತ್ತೇವೆಂದು ಮೊದಲೇ ಹೇಳಿ ಆಡುವ ಇಸ್ಪೀಟಾಟ. ನನ್ನ ಜೋಡಿ ಹಿರಿಯ ಗಣಿತದ ಮೇಡಂ. ಹೇಳಿದ್ದಕ್ಕಿಂತ ಒಂದು ಸುತ್ತು ಹೆಚ್ಚು ಗೆದ್ದರೂ ಅವರಿಗೆ ಅವಮಾನ. ಅವತ್ತು ಅವರು ನಾಲ್ಕು ಅಂದರು. ನಾನು ಜಂಬದಿಂದ ನಿಲ್ ಅಂದೆ, ಅಂದರೆ ಒಂದು ಸುತ್ತನ್ನೂ ಗೆಲ್ಲುವುದಿಲ್ಲ ಎಂದು.

ಕೊನೆಕೊನೆಗೆ ಎದುರಾಳಿ ಆಟೀನ್ ಒಂಬತ್ತು ಇಳಿಸಿದರು. ನನ್ನಲ್ಲಿದ್ದ ಒಂದೇ ಆಟೀನ್ ಗುಲಾಮ, ಹಾಕಲೇಬೇಕು, ಹಾಕಿದರೆ ಸುತ್ತು ನನ್ನದಾಗಿ ನಿಲ್ ಮುರಿಯುತ್ತಿತ್ತು. ನನಗಿಂತ ಮೊದಲು ಆಡಬೇಕಿದ್ದ ಮೇಡಂ, ಚಿಕ್ಕ ಎಲೆಯಿದ್ದರೂ ರಾಜನನ್ನೇ ಹಾಕಿ ಸುತ್ತು ಗೆದ್ದು ನನ್ನನ್ನು ಉಳಿಸಿದರು.

"ನಿಮ್ಮ ನಾಲ್ಕೂ ಆಯ್ತಲ್ಲ ಮೇಡಂ," ಅಂದೆ ಖುಷಿಯಿಂದ.

"ಇದು ಐದನೇದು ಕಣಮ್ಮ," ಅಂದರು.

ಅವತ್ತಿನಿಂದ ಎಲೆ ಹಿಡಿದಾಗಲೆಲ್ಲ ನನ್ನದಕ್ಕಿಂತ ಮೊದಲು ಅವರದನ್ನು ಎಣಿಸುತ್ತೇನೆ.