ಅತ್ತೆ ಹಾಕಿದ ಮೂರನೇ ನಿಯಮ

ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಐವತ್ತು ದಾಟಿದ ಹೆಂಗಸರ ಥ್ರೋಬಾಲ್ ಟೂರ್ನಿ ನಡೆಯುತ್ತದೆ. ಎರಡನೇ ವರ್ಷ ಅಂಕಪಟ್ಟಿಯ ಉಸಾಬರಿ ನನ್ನ ಕೊರಳಿಗೆ ಬಿತ್ತು. ಮಾದಾಪುರದ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರಿನಲ್ಲಿ ಅಂಕಿಅಂಶಗಳ ಡ್ಯಾಶ್‌ಬೋರ್ಡ್ ಮಾಡುವವಳಿಗೆ ಇದ್ಯಾವ ಲೆಕ್ಕ ಎಂದು ಅತ್ತೆ ಸಭೆಯಲ್ಲೇ ಸಾರಿಬಿಟ್ಟರು. ನನ್ನನ್ನು ಒಂದು ಮಾತು ಕೇಳಿದ್ದರೆ ತಾನೇ!

ನಾಲ್ಕು ಬ್ಲಾಕ್, ನಾಲ್ಕು ತಂಡ. ಎಲ್ಲರೂ ಎಲ್ಲರೊಡನೆ ಒಂದೊಂದು ಸಲ ಆಡಬೇಕು. ಗೆದ್ದರೆ ಎರಡು ಅಂಕ. ಮೊದಲೆರಡು ತಂಡ ಫೈನಲ್‌ಗೆ. ಅಂಕ ಸಮವಾದರೆ, ಸಮವಾದ ತಂಡಗಳು ತಮ್ಮತಮ್ಮಲ್ಲಿ ಆಡಿದಾಗ ಯಾರು ಗೆದ್ದರು ಎಂದು ನೋಡುವುದು. ಅಲ್ಲೂ ಸಮವಾದರೆ ಗೆದ್ದ-ಸೋತ ಪಾಯಿಂಟುಗಳ ಅಂತರ, ಅದೂ ಆ ತಂಡಗಳ ನಡುವಿನ ಪಂದ್ಯಗಳದ್ದು ಮಾತ್ರ.

ಈ ಕೊನೆಯ ನಿಯಮ ಅತ್ತೆಯದು. ಹಿಂದಿನ ವರ್ಷ ಎ ಬ್ಲಾಕಿನವರು ಡಿ ಬ್ಲಾಕಿನವರನ್ನು ಹಿಗ್ಗಾಮುಗ್ಗಾ ಸೋಲಿಸಿ, ಆ ಅಂತರದಲ್ಲೇ ಫೈನಲ್ ಸೇರಿದ್ದರು. "ಡಿ ಬ್ಲಾಕಿನಾಗ ಎಲ್ಲಾರಿಗೂ ಮೊಣಕಾಲ ನೋವು. ಅವರ ಮ್ಯಾಲೆ ಹೊಡದದ್ದು ಏನ್ ಶೂರತನರಿ? ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ!" ಎಂದು ಅತ್ತೆ ಮೇಜು ಗುದ್ದಿದ್ದರು. ಎಲ್ಲರೂ ಹೂಂ ಅಂದರು. ನಾನು ಹಾಗೇ ಪ್ರೋಗ್ರಾಂ ಬರೆದೆ. ದಿನದ ಪಂದ್ಯ ಮುಗಿದ ಮೇಲೆ ನಾನು ಸ್ಕೋರ್ ತುಂಬಿದರೆ ಸಾಕು, ಲಿಫ್ಟಿನ ಪಕ್ಕದ ಟಿವಿಯಲ್ಲಿ ಪಟ್ಟಿ ಹೊಸದಾಗುತ್ತಿತ್ತು.

ಕೊನೆಯ ದಿನದ ಹಿಂದಿನ ಸಂಜೆ ನಮ್ಮ ಸಿ ಬ್ಲಾಕಿಗೂ ಬಿ ಬ್ಲಾಕಿಗೂ ನಾಲ್ಕು ನಾಲ್ಕು ಅಂಕ. ಬಿ ಬ್ಲಾಕನ್ನು ಅತ್ತೆಯ ತಂಡ ಸೋಲಿಸಿತ್ತಲ್ಲ, ಆದ್ದರಿಂದ ಸಿ ಮೇಲೆ. ಎ ಬ್ಲಾಕಿಗೆ ಎರಡೇ ಅಂಕ, ಡಿ ಜೊತೆ ಒಂದು ಪಂದ್ಯ ಬಾಕಿ. ಅತ್ತೆ ಕಲಬುರಗಿಯ ಅಕ್ಕನಿಗೆ ಫೋನ್ ಹಚ್ಚಿದರು. "ಅಕ್ಕಾ, ಫೈನಲ್ ನೋಡಾಕ ಬಾ!" ಚಿಕ್ಕಂದಿನಿಂದ "ನಿನ್ನ ಕೈಯಾಗ ಚೆಂಡು ನಿಂದರಂಗಿಲ್ಲ" ಎಂದು ಆಡಿಕೊಂಡ ಅಕ್ಕ ಆಕೆ. ಆ ಅಕ್ಕನ ಮುಂದೆ ಫೈನಲ್ ಆಡಬೇಕೆನ್ನುವುದು ಅತ್ತೆಯ ಒಂದೇ ಆಸೆ.

ಮರುದಿನ ಎ ಬ್ಲಾಕ್ ಎರಡು ಪಾಯಿಂಟಿನಿಂದ ಡಿ ಬ್ಲಾಕನ್ನು ಸೋಲಿಸಿತು. ನಾನು ಸ್ಕೋರ್ ತುಂಬಿದೆ. ಟಿವಿ ಬದಲಾಯಿತು: ಎ, ಬಿ, ಸಿ, ಡಿ. ಸಿ ಮೂರನೆಯದು.

"ಇದು ಕೆಟ್ಟೈತಿ," ಎಂದರು ಅತ್ತೆ. "ನಾವು ಇವತ್ತ ಆಡೇ ಇಲ್ಲ. ಆಡದ ಹೆಂಗ ಸೋತ್ವಿ?"

"ನಿನ್ನೆ ಇಬ್ಬರು ಸಮ ಇದ್ದರಿ ಅತ್ತಿ, ಇವತ್ತ ಮೂರು ಮಂದಿ. ನೀವು ಬಿ ಬ್ಲಾಕನ್ನ ಸೋಲಿಸಿದ್ರಿ, ಬಿ ಬ್ಲಾಕ್ ಎ ಬ್ಲಾಕನ್ನ ಸೋಲಿಸ್ತು, ಎ ನಿಮ್ಮನ್ನ. ಎಲ್ಲಾರದೂ ಒಂದೊಂದು ಗೆಲುವು. ಇನ್ನ ಅಂತರ ನೋಡಬೇಕು. ನೀವು ಬಿ ಮ್ಯಾಲೆ ಮೂರರಿಂದ ಗೆದ್ರಿ, ಎ ಕೈಯಾಗ ಎಂಟರಿಂದ ಸೋತ್ರಿ. ಐದು ಕಡಿಮಿ. ಬಿ ನಿಮಗ ಮೂರರಿಂದ ಸೋತು, ಎ ಮ್ಯಾಲೆ ನಾಲ್ಕರಿಂದ ಗೆದ್ದೈತಿ, ಅದಕ್ಕ ಒಂದು ಜಾಸ್ತಿ. ಎ ಬ್ಲಾಕಿಗೆ ನಾಲ್ಕು ಜಾಸ್ತಿ."

"ಡಿ ಬ್ಲಾಕಿನವರನ್ನ ಹನ್ನೆರಡರಿಂದ ಸೋಲಿಸೇವಲ್ಲ, ಅದೆಲ್ಲಿ ಹೋತು?"

"ಅದು ಲೆಕ್ಕಕ್ಕಿಲ್ರಿ."

"ಯಾವ ಹುಚ್ಚಿ ಹಾಕಿದ್ದು ಈ ನಿಯಮ?"

ಲಿಫ್ಟ್ ಬಂತು, ಬಾಗಿಲು ತೆರೆಯಿತು, ಯಾರೂ ಹತ್ತಲಿಲ್ಲ.

ನನ್ನ ಗಂಡ ಕಿವಿಯಲ್ಲಿ ಪಿಸುಗುಟ್ಟಿದ. "ಡಿ ಬ್ಲಾಕಿನ ಪಂದ್ಯಾನೂ ಸೇರಿಸಿದ್ರ?" ಸೇರಿಸಿದ್ದರೆ ಸಿ ಏಳು ಜಾಸ್ತಿ, ಎ ಆರು, ಬಿ ಮೂರು; ಅತ್ತೆಯ ತಂಡವೇ ಮೊದಲನೆಯದು! "ಹಂಗಾದ್ರ ಒಂದ್ ಸಾಲು ಬದಲ ಮಾಡು ಮಾರಾಯ್ತಿ, ಮನಿಯಾಗ ಶಾಂತಿ ಇರ್ತೈತಿ." ನನಗೆ ಮೈಯೆಲ್ಲ ಉರಿದುಹೋಯಿತು. ತಾಯಿಯನ್ನು ಎದುರಿಸಲಾರದ ಗಂಡಸು ನನ್ನ ಪ್ರೋಗ್ರಾಮಿಗೆ ಕೈ ಹಾಕುತ್ತಾನೆ!

ಅತ್ತೆಗೆ ಅದು ಕೇಳಿಸಿತ್ತು. "ಏ, ಸುಮ್ನಿರೋ. ಮಾಡಿದ್ದುಣ್ಣೋ ಮಾರಾಯ ಅಂತಾರ. ನಿಯಮ ನಂದು, ನಾನ ಉಣ್ಣತೀನಿ." ಮನೆಗೆ ಬಂದು ಜೋಳದ ರೊಟ್ಟಿ ಬಡಿಯತೊಡಗಿದರು. ಕೆಳಗಿನ ಮನೆಯವರು ಏನಾಯಿತೆಂದು ಕೇಳಿಕೊಂಡು ಮೇಲೆ ಬಂದರು.

ಬೆಳಿಗ್ಗೆ ಲಿಂಗಂಪಲ್ಲಿ ಸ್ಟೇಷನ್ನಿನಿಂದ ಅತ್ತೆಯ ಅಕ್ಕನನ್ನು, ನಮ್ಮ ದೊಡ್ಡಮ್ಮನನ್ನು, ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ಒಂದು ಸುಳ್ಳನ್ನೂ ಸಿದ್ಧ ಮಾಡಿಕೊಂಡಿದ್ದೆ: ಅತ್ತೆಗೆ ಮೊಣಕಾಲು ನೋವು. ಫೈನಲ್ ಶುರುವಾಗುವ ಹೊತ್ತಿಗೆ ದೊಡ್ಡಮ್ಮ ಕೇಳಿಯೇಬಿಟ್ಟರು. "ಏನ ತಂಗಿ, ನೀ ಆಡೋದು ಯಾವಾಗ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅಕ್ಕನ ಕೈಹಿಡಿದು ಟಿವಿಯ ಮುಂದೆ ನಿಲ್ಲಿಸಿದರು. "ನಾ ಇಲ್ಲಿದೀನಿ ನೋಡು. ಮೂರನೇದು." ಆಮೇಲೆ ಮೂರು ತಂಡ ಸಮವಾದದ್ದು, ಒಂದೊಂದು ಗೆಲುವು, ಐದು ಕಡಿಮೆ, ಎಲ್ಲವನ್ನೂ ಒಂದು ತಪ್ಪಿಲ್ಲದೆ ಹೇಳಿದರು. ದೊಡ್ಡಮ್ಮನಿಗೆ ಏನೇನೂ ತಿಳಿಯಲಿಲ್ಲ.

"ಯಾರು ಮಾಡಿದ್ದು ಇದನ್ನ?"

"ನನ್ನ ಸೊಸಿ. ಭಾಳ ಖಡಕ್. ಅತ್ತಿ ಅಂತನೂ ಬಿಡಂಗಿಲ್ಲ ಆಕಿ." ಹಾಗೆ ಹೇಳುವಾಗ ಅವರ ದನಿಯಲ್ಲಿದ್ದ ಹೆಮ್ಮೆಗೆ ನನ್ನ ಕಣ್ಣು ತುಂಬಿ ಬಂತು.

ಅತ್ತೆ ನನ್ನ ಹತ್ತಿರ ಸರಿದು ಮೆಲ್ಲಗೆ ಅಂದರು. "ಆ ಮೂರನೇ ನಿಯಮ ತಗಸಬೇಕವಾ. ಈಗಲ್ಲ, ಮುಂದಿನ ವರ್ಷ, ಸಭಾದಾಗ ಕೇಳಿ."